ಬಿಸಿನೀರು ಸೋರುತ್ತಿತ್ತು, ಯಾರಿಗೂ ಸೆಕೆಯಾಗಲಿಲ್ಲ

2007ರ ಬೇಸಿಗೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಆಂಕೆನಿ ಎಂಬ ಊರಿನಲ್ಲಿ ಸಂಶೋಧಕರು ಬೇಕೆಂದೇ ಒಂದು ಹವಾನಿಯಂತ್ರಣ ಯಂತ್ರವನ್ನು ಕೆಡಿಸಿದರು. ಅಲ್ಲಿನ ಇಂಧನ ಸಂಶೋಧನಾ ಕೇಂದ್ರದಲ್ಲಿ ಅವಳಿಜವಳಿಯಂಥ ಎರಡು ಏರ್ ಹ್ಯಾಂಡ್ಲಿಂಗ್ ಯೂನಿಟ್‌ಗಳಿದ್ದವು. ಅಳತೆ ಒಂದೇ, ಅವು ಗಾಳಿ ಊದುವ ಕೋಣೆಗಳೂ ಒಂದೇ ಬಗೆಯವು: ಪೂರ್ವಕ್ಕೊಂದು, ದಕ್ಷಿಣಕ್ಕೊಂದು, ಪಶ್ಚಿಮಕ್ಕೊಂದು, ಒಳಗೊಂದು. ಒಂದನ್ನು ಕೆಡಿಸಿ ಇನ್ನೊಂದನ್ನು ಸರಿಯಾಗಿಟ್ಟರೆ, ಕೆಟ್ಟದ್ದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಪಕ್ಕದಲ್ಲೇ ಹೋಲಿಸಿ ನೋಡಬಹುದು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಜಿನ್ ವೆನ್ ಅವರ ತಂಡ ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇಯ ನೆರವಿನಿಂದ ನಡೆಸಿದ ಪ್ರಯೋಗ ಇದು.

ಅವರು ಹುಟ್ಟುಹಾಕಿದ ದೋಷಗಳಲ್ಲಿ ಒಂದು ಬಿಸಿನೀರಿನ ವಾಲ್ವ್‌ನ ಸೋರಿಕೆ. ವಾಲ್ವ್ ಮುಚ್ಚಿದ್ದರೂ ಪಕ್ಕದ ಬೈಪಾಸ್ ಕೊಳವೆಯನ್ನು ಕೈಯಿಂದ ಸ್ವಲ್ಪ ತೆರೆದು, ಗಾಳಿ ಕಾಯಿಸುವ ಕಾಯಿಲ್‌ಗೆ ಬಿಸಿನೀರು ಹೋಗುವಂತೆ ಮಾಡಿದರು. ಮೊದಲು ನಿಮಿಷಕ್ಕೆ ಸುಮಾರು 1.5 ಲೀಟರ್, ಆಮೇಲೆ 3.8, ಕೊನೆಗೆ 7.6. ಮೊದಲ ಹಂತದ ಸೋರಿಕೆಯಲ್ಲಿ ಸ್ನಾನದ ಬಕೆಟ್ ಇಟ್ಟರೆ ತುಂಬಲು ಹತ್ತು ನಿಮಿಷ ದಾಟುತ್ತದೆ. ಆದರೆ ಕೊನೆಯ ಹಂತದ ನೀರು ಕಾಯಿಲ್‌ನಲ್ಲಿ 20 ಡಿಗ್ರಿಯಷ್ಟು ತಣಿಯುತ್ತದೆ ಎಂದಿಟ್ಟುಕೊಂಡರೆ, ಗಾಳಿಗೆ ಸೇರುವ ಶಾಖ ಹತ್ತು ಕಿಲೋವಾಟ್ ಮೀರುತ್ತದೆ. ನಮ್ಮ ಮನೆಗಳ ಐದು ಗೀಜರ್‌ಗಳನ್ನು ಒಟ್ಟಿಗೆ ಹಾಕಿ, ಆ ಬಿಸಿಯನ್ನೆಲ್ಲ ಎಸಿ ಗಾಳಿಗೆ ಸುರಿದಂತೆ.

ಹಾಗಿದ್ದರೆ ಕೋಣೆಗಳು ಕಾದು ಹೋಗಬೇಕಲ್ಲ? ಹೋಗುವುದಿಲ್ಲ. ಇಡೀ ವಿಷಯದ ಕೀಲಿ ಇರುವುದು ಇಲ್ಲೇ.

ಏರ್ ಹ್ಯಾಂಡ್ಲಿಂಗ್ ಯೂನಿಟ್ ಎಂದರೆ ಕೋಣೆಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಹೊರಗಿನ ಹೊಸ ಗಾಳಿಯೂ ಕಟ್ಟಡದಿಂದ ಮರಳಿದ ಗಾಳಿಯೂ ಅದರ ಬಾಯಲ್ಲಿ ಬೆರೆಯುತ್ತವೆ. ಬೆರೆತ ಗಾಳಿ ಫಿಲ್ಟರ್ ದಾಟಿ ಬಿಸಿ ಕಾಯಿಲ್‌ನ ಮೇಲೆ, ಅಲ್ಲಿಂದ ತಣ್ಣನೆಯ ಕಾಯಿಲ್‌ನ ಮೇಲೆ ಹಾದು, ಫ್ಯಾನ್‌ನ ಮೂಲಕ ಕೋಣೆಗಳಿಗೆ ಹೋಗುತ್ತದೆ. ಬಿಸಿ ಕಾಯಿಲ್‌ಗೆ ಬಾಯ್ಲರ್‌ನಿಂದ ನೀರು, ತಣ್ಣನೆಯದಕ್ಕೆ ಚಿಲ್ಲರ್‌ನಿಂದ ನೀರು. ಎರಡಕ್ಕೂ ಒಂದೊಂದು ವಾಲ್ವ್. ಕೊನೆಯಲ್ಲಿ ಒಂದು ಸೆನ್ಸರ್ ಹೊರಡುವ ಗಾಳಿಯ ತಾಪಮಾನ ನೋಡುತ್ತದೆ. ಅದು 13 ಡಿಗ್ರಿ ಇರಬೇಕು ಎಂದು ಹೇಳಿಟ್ಟರೆ, ನಿಯಂತ್ರಕ ಹೇಗಾದರೂ ಮಾಡಿ 13ಕ್ಕೆ ತಂದು ನಿಲ್ಲಿಸುತ್ತದೆ. ಬಿಸಿನೀರು ಸೋರಿ ಗಾಳಿ ಮೂರು ಡಿಗ್ರಿ ಕಾದರೆ, ತಣ್ಣೀರಿನ ವಾಲ್ವ್ ಇನ್ನಷ್ಟು ತೆರೆದುಕೊಂಡು ಆ ಮೂರು ಡಿಗ್ರಿಯನ್ನು ಕಳೆಯುತ್ತದೆ. ಕೋಣೆಯಲ್ಲಿ ಕೂತವರಿಗೆ ಹಿತವಾದ ಗಾಳಿ. ದೂರಿಲ್ಲ, ಅಲಾರಂ ಇಲ್ಲ. ಬಾಯ್ಲರ್ ಕಾಯಿಸಿದ್ದನ್ನು ಚಿಲ್ಲರ್ ತಣಿಸುತ್ತದೆ, ಎರಡೂ ಬಿಲ್ಲು ಒಬ್ಬರದೇ ಜೇಬಿಗೆ ಬರುತ್ತದೆ. ನಿಯಂತ್ರಕ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವುದರಿಂದಲೇ ದೋಷ ಮುಚ್ಚಿಹೋಗುತ್ತದೆ.

ಉಸ್ತುವಾರಿ ನೋಡುವವರು ಕಂಪ್ಯೂಟರ್ ಪರದೆಯ ಮುಂದೆ ಕೂತರೂ ಪ್ರಯೋಜನವಿಲ್ಲ. ದೊಡ್ಡ ಕಟ್ಟಡಗಳಲ್ಲಿ ಬಿಎಂಎಸ್ ಎಂದು ಕರೆಯುವ ನಿರ್ವಹಣಾ ವ್ಯವಸ್ಥೆ ಇರುತ್ತದೆ. ಅದರ ಪರದೆಯಲ್ಲಿ ಬಿಸಿನೀರಿನ ವಾಲ್ವ್‌ನ ಪಕ್ಕ 0% ಎಂದು ಹಸಿರು ಅಕ್ಷರದಲ್ಲಿ ಕಾಣುತ್ತದೆ. ಬಹಳಷ್ಟು ಕಡೆ ಆ ಸೊನ್ನೆ ವಾಲ್ವ್‌ನ ಸ್ಥಿತಿಯಲ್ಲ. ವಾಲ್ವ್‌ಗೆ ಕೊಟ್ಟ ಆಜ್ಞೆ. ‘ಮುಚ್ಚಿಕೋ’ ಎಂದು ಹೇಳಿದ್ದೇನೆ ಎಂದಷ್ಟೇ ಅದರ ಅರ್ಥ. ಅದು ಮುಚ್ಚಿಕೊಂಡಿತೋ ಇಲ್ಲವೋ ಎಂದು ತಿರುಗಿ ಹೇಳುವ ತಂತಿಯನ್ನು ಹೆಚ್ಚಿನವರು ಹಾಕಿಸಿರುವುದಿಲ್ಲ. ಹಾಕಿಸಿದ್ದರೂ ಅದು ಹೇಳುವುದು ಮೋಟಾರು ಎಲ್ಲಿದೆ ಎಂಬುದನ್ನು. ಒಳಗಿನ ಬಿಲ್ಲೆ ಪೂರ್ತಿ ಕೂತಿದೆಯೇ, ನೀರು ನಿಂತಿದೆಯೇ ಎಂಬುದು ಅದಕ್ಕೂ ಗೊತ್ತಿಲ್ಲ.

ಆದರೆ ಅದೇ ಬಿಎಂಎಸ್ ಇನ್ನೊಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ಐದೋ ಹದಿನೈದೋ ನಿಮಿಷಕ್ಕೊಮ್ಮೆ ಪ್ರತಿ ಸೆನ್ಸರ್‌ನ, ಪ್ರತಿ ಆಜ್ಞೆಯ ಅಂಕಿಯನ್ನು ಬರೆದಿಡುತ್ತದೆ. ಇದಕ್ಕೆ ಟ್ರೆಂಡ್ ಎನ್ನುತ್ತಾರೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಥ ಸಾವಿರಾರು ಸಾಲುಗಳು ವರ್ಷಗಟ್ಟಲೆ ಬೆಳೆಯುತ್ತಿರುತ್ತವೆ, ಯಾರೂ ಓದದ ಲೆಕ್ಕದ ಪುಸ್ತಕದಂತೆ. ಅದನ್ನು ಓದಿ, ‘ಇಲ್ಲಿ ಬಿಸಿಯೂ ತಣ್ಣಗೂ ಒಟ್ಟಿಗೆ ನಡೆಯುತ್ತಿದೆ’ ಎಂದು ಬೆರಳಿಟ್ಟು ತೋರಿಸುವುದೇ ದೋಷಪತ್ತೆ ವಿಶ್ಲೇಷಣೆಯ ಕೆಲಸ.

ಓದುವುದು ಹೇಗೆ? ಎರಡೂ ವಾಲ್ವ್‌ಗಳ ಆಜ್ಞೆ ಒಂದೇ ಹೊತ್ತಿನಲ್ಲಿ ಸೊನ್ನೆಗಿಂತ ಹೆಚ್ಚಿದೆಯೇ ಎಂದು ನೋಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಬಿಸಿ ಮಾಡುವ ಗಡಿಗೂ ತಣಿಸುವ ಗಡಿಗೂ ನಡುವೆ ಅಂತರ ಬಿಡದೆ ಪ್ರೋಗ್ರಾಮ್ ಬರೆದ ಕಡೆ ಇದು ಸಿಕ್ಕಿಬೀಳುತ್ತದೆ. ಸೋರುವ ವಾಲ್ವ್ ಮಾತ್ರ ಈ ಬಲೆಗೆ ಬೀಳುವುದಿಲ್ಲ, ಏಕೆಂದರೆ ಅದರ ಆಜ್ಞೆ ಸೊನ್ನೆಯೇ. ಅದನ್ನು ಹಿಡಿಯಲು ಆಜ್ಞೆಯನ್ನು ಬಿಟ್ಟು ಗಾಳಿಯನ್ನೇ ಕೇಳಬೇಕು.

ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಸಂಶೋಧಕರು ಈ ಶತಮಾನದ ಆರಂಭದಲ್ಲಿ ಏರ್ ಹ್ಯಾಂಡ್ಲಿಂಗ್ ಯೂನಿಟ್‌ಗಳಿಗೆಂದೇ 28 ನಿಯಮಗಳ ಒಂದು ಕಟ್ಟು ಸಿದ್ಧಪಡಿಸಿದರು. ಹೆಸರು ಅಪಾರ್. ಅದರಲ್ಲಿ ಒಂದು ನಿಯಮ ಅಜ್ಜಿಯ ಲೆಕ್ಕದಷ್ಟು ಸರಳ. ಎರಡೂ ವಾಲ್ವ್‌ಗಳಿಗೆ ಮುಚ್ಚಿಕೊಳ್ಳಲು ಹೇಳಿದ್ದಾಗ ಗಾಳಿಯನ್ನು ಕಾಯಿಸುವವರೂ ಇಲ್ಲ, ತಣಿಸುವವರೂ ಇಲ್ಲ. ಹಾಗಾಗಿ ಬೆರೆತ ಗಾಳಿಯ ತಾಪಮಾನವೇ ಹೊರಡುವ ಗಾಳಿಯ ತಾಪಮಾನ ಆಗಬೇಕು. ಫ್ಯಾನ್‌ನ ಮೋಟಾರಿನಿಂದ ಸೇರುವ ಸುಮಾರು ಒಂದು ಡಿಗ್ರಿಯನ್ನು ಮಾತ್ರ ಬಿಟ್ಟುಕೊಡಬೇಕು. ಅದಕ್ಕಿಂತ ಹೆಚ್ಚು ಏರಿದ್ದರೆ ಎಲ್ಲಿಂದಲೋ ಬಿಸಿ ನುಗ್ಗುತ್ತಿದೆ. ಇಂಥದೇ ನಿಯಮಗಳನ್ನು ಆಶ್ರೇ 2018ರಲ್ಲಿ ಹೊರತಂದ 36ನೇ ಮಾರ್ಗಸೂಚಿಯಲ್ಲೂ ಸೇರಿಸಿಕೊಂಡಿತು.

ಕಾಗದದ ಮೇಲೆ ಒಂದು ಯಂತ್ರವನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ. ತಣ್ಣನೆಯ ದೇಶವೊಂದರ ಕಚೇರಿ ಕಟ್ಟಡ, ಏಪ್ರಿಲ್ ತಿಂಗಳ ಬೆಳಿಗ್ಗೆ. ಗಂಟೆಗೆ 18,000 ಘನ ಮೀಟರ್ ಗಾಳಿ ಊದುವ ಯಂತ್ರ; ಅಂದರೆ ಸೆಕೆಂಡಿಗೆ 5 ಘನ ಮೀಟರ್. ಇಷ್ಟು ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 6 ಕಿಲೋವಾಟ್ ಬೇಕು. ಈ ಆರು ಎಂಬ ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಬಾಯಿಲೆಕ್ಕ.

ಹೊರಗೆ 9 ಡಿಗ್ರಿ. ಕಟ್ಟಡದಿಂದ ಮರಳುವ ಗಾಳಿ 22. ಹೊರಡಬೇಕಾದದ್ದು 13. ಇಂಥ ದಿನ ಚಿಲ್ಲರ್ ಬೇಕಿಲ್ಲ. ಡ್ಯಾಂಪರ್ ಎಂಬ ಗಾಳಿಬಾಗಿಲು ತೆರೆದು ಹೊರಗಿನ ತಂಪನ್ನೇ ಬೆರೆಸಿಕೊಂಡರೆ ಸಾಕು. ಫ್ಯಾನ್‌ನ ಒಂದು ಡಿಗ್ರಿ ಕಳೆದರೆ ಬೆರೆತ ಗಾಳಿ 12 ಇರಬೇಕು. ಅದಕ್ಕೆ ಶೇ 77ರಷ್ಟು ಹೊರಗಾಳಿ ಬೇಕಾಗುತ್ತದೆ. ಆದರೆ ಟ್ರೆಂಡ್ ತೆಗೆದು ನೋಡಿದರೆ ಬೆರೆತ ಗಾಳಿ ಗಂಟೆಗಟ್ಟಲೆ 9.5ರಲ್ಲಿ ನಿಂತಿದೆ, ಹೊರಗಾಳಿ ಶೇ 96ಕ್ಕೆ ಏರಿದೆ, ಹೊರಡುವ ಗಾಳಿ ಮಾತ್ರ ಶಿಸ್ತಾಗಿ 13. ಎರಡೂ ವಾಲ್ವ್‌ಗಳ ಆಜ್ಞೆ ಸೊನ್ನೆ. ಅಂತರ 3.5 ಡಿಗ್ರಿ. ಫ್ಯಾನ್‌ನ ಪಾಲು ಒಂದು ಕಳೆದರೆ ಉಳಿಯಿತು 2.5. ಅದನ್ನು ಆರರಿಂದ ಗುಣಿಸಿ: 15 ಕಿಲೋವಾಟ್ ಶಾಖ, ಕೇಳದೆ ಬಂದ ಅತಿಥಿ.

ಹೊತ್ತೇರಿ ಹೊರಗೆ 10 ಡಿಗ್ರಿ ಆಯಿತು ಎನ್ನಿ. ಈಗ ಬೆರೆತ ಗಾಳಿಯನ್ನು 9.5ಕ್ಕೆ ಇಳಿಸುವ ದಾರಿಯೇ ಇಲ್ಲ. ಡ್ಯಾಂಪರ್ ಪೂರ್ತಿ ತೆರೆದಾಯಿತು, ಇನ್ನು ಉಳಿದದ್ದು ತಣ್ಣೀರು. ಚಿಲ್ಲರ್ ಎದ್ದು ಕೂರುತ್ತದೆ. ಸೋರಿಕೆ ಇಲ್ಲದಿದ್ದರೆ ಹೊರಗೆ 12 ಆಗುವವರೆಗೆ ಅದು ಮಲಗಿರಬೇಕಿತ್ತು. ಹೊರಗೆ ಸ್ವೆಟರ್ ಹಾಕಿಕೊಳ್ಳುವ ಚಳಿ, ನೆಲಮಾಳಿಗೆಯಲ್ಲಿ ಬಾಯ್ಲರ್ ಮತ್ತು ಚಿಲ್ಲರ್ ಅಕ್ಕಪಕ್ಕದಲ್ಲಿ ಗುಂಯ್‌ಗುಡುತ್ತಿವೆ. ಹವಾನಿಯಂತ್ರಣದಲ್ಲಿ ಇದಕ್ಕಿಂತ ತಮಾಷೆಯ ದೃಶ್ಯ ಬೇರೆ ಇಲ್ಲ, ಬಿಲ್ಲು ಕಟ್ಟುವವರ ಹೊರತು.

ಇದೇ ಸೋರಿಕೆ ಬೇಸಿಗೆಯ 120 ದಿನ, ದಿನಕ್ಕೆ 12 ಗಂಟೆಯಂತೆ ಮುಂದುವರಿದರೆ? 1,440 ಗಂಟೆ. ಬಾಯ್ಲರ್‌ನ ದಕ್ಷತೆ ಶೇ 85 ಎಂದು ಹಿಡಿದರೆ ಸುಡುವ ಅನಿಲ ಸುಮಾರು 25,000 ಯೂನಿಟ್‌ಗಳಷ್ಟು. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ 140 ಸಿಲಿಂಡರ್. ಆ ಶಾಖವನ್ನು ಮತ್ತೆ ಹೊರದಬ್ಬಲು ಚಿಲ್ಲರ್‌ಗೆ ತಗಲುವ ವಿದ್ಯುತ್ತು, ಒಂದಕ್ಕೆ ಐದರ ದಕ್ಷತೆಯಲ್ಲಿ, 4,300 ಯೂನಿಟ್ ಮೇಲ್ಪಟ್ಟು. ಇದು ಒಂದು ಯಂತ್ರದ, ಒಂದು ವಾಲ್ವ್‌ನ ಕಥೆ. ಬೇಸಿಗೆಯಲ್ಲಿ ಬಾಯ್ಲರ್ ಏಕೆ ಉರಿಯುತ್ತದೆ ಎಂದು ಕೇಳಬಹುದು. ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಕೋಣೆಗೊಂದು ಪುಟ್ಟ ಮರುಬಿಸಿ ಕಾಯಿಲ್ ಇರುವುದರಿಂದ ಅಲ್ಲಿ ಬಿಸಿನೀರು ವರ್ಷವಿಡೀ ಓಡಾಡುತ್ತಲೇ ಇರುತ್ತದೆ.

ಅಂಕಿ ಸಿಕ್ಕಿತೆಂದು ಪಾನ ಹಿಡಿದು ಓಡುವುದು ಮಾತ್ರ ಅವಸರ. ಅದೇ ಮೂರೂವರೆ ಡಿಗ್ರಿಯ ಅಂತರಕ್ಕೆ ಇನ್ನೊಬ್ಬ ಶಂಕಿತನೂ ಇದ್ದಾನೆ: ಬೆರೆತ ಗಾಳಿಯ ಸೆನ್ಸರ್. ಹೆಸರಿಗೆ ಬೆರೆತ ಗಾಳಿ, ಪೆಟ್ಟಿಗೆಯೊಳಗೆ ಅದು ಬೆರೆತೇ ಇರುವುದಿಲ್ಲ. ತಣ್ಣನೆಯ ಹೊರಗಾಳಿ ಕೆಳಗಿನಿಂದ, ಬೆಚ್ಚನೆಯ ಗಾಳಿ ಮೇಲಿನಿಂದ, ಹಾಲು ಹೊಯ್ದು ಕಲಕದ ಕಾಫಿಯಂತೆ ಪದರಪದರವಾಗಿ ಹರಿಯುತ್ತದೆ. ಸೆನ್ಸರ್ ತಣ್ಣನೆಯ ಪದರದಲ್ಲಿ ಸಿಕ್ಕಿಕೊಂಡಿದ್ದರೆ ಇಲ್ಲದ ಸೋರಿಕೆಯನ್ನು ಇದೆ ಎಂದು ಹೇಳುತ್ತದೆ. ಅದಕ್ಕಾಗಿಯೇ ಒಳ್ಳೆಯ ಯಂತ್ರಗಳಲ್ಲಿ ಪೆಟ್ಟಿಗೆಯ ಅಗಲಕ್ಕೂ ಹಾವಿನಂತೆ ಸುತ್ತಿದ, ಸರಾಸರಿ ತೆಗೆಯುವ ಉದ್ದ ಸೆನ್ಸರ್ ಹಾಕುತ್ತಾರೆ.

ಇಬ್ಬರು ಶಂಕಿತರನ್ನು ಬೇರ್ಪಡಿಸುವ ಸುಳಿವೂ ಟ್ರೆಂಡ್‌ನಲ್ಲೇ ಇರುತ್ತದೆ. ಡ್ಯಾಂಪರ್ ಪೂರ್ತಿ ತೆರೆದು ಒಳಗೆಲ್ಲ ಹೊರಗಾಳಿಯೇ ತುಂಬಿದ ಗಂಟೆಗಳನ್ನು ಹುಡುಕಬೇಕು. ಆಗ ಪದರಗಳ ಪ್ರಶ್ನೆ ಇಲ್ಲ. ಬೆರೆತ ಗಾಳಿಯ ಸೆನ್ಸರ್ ಹೊರಗಿನ ತಾಪಮಾನವನ್ನೇ ತೋರಿಸಬೇಕು. ತೋರಿಸಿದರೆ ಸೆನ್ಸರ್ ಪ್ರಾಮಾಣಿಕ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಬಾಯ್ಲರ್‌ನ ನೀರಿನ ಕಡೆ ನೋಡಬೇಕು. ನೀರು 80 ಡಿಗ್ರಿಯಿಂದ 60ಕ್ಕೆ ಇಳಿದ ಹೊತ್ತಿನಲ್ಲಿ ಅಂತರವೂ ಕುಗ್ಗಿತೇ? ಬಿಸಿನೀರಿನ ಪಂಪು ನಿಂತಾಗ ಅಂತರ ಒಂದು ಡಿಗ್ರಿಗೆ ಮರಳಿತೇ? ಹೌದಾದರೆ ಕಳ್ಳ ವಾಲ್ವೇ. ಪಂಪು ನಿಂತರೂ ಅಂತರ ಹಾಗೇ ಉಳಿದರೆ ಸೆನ್ಸರ್ ಬದಲಿಸಿ, ವಾಲ್ವ್‌ಗೆ ಕೈ ಹಾಕಬೇಡಿ.

ನಿಯಮ ಬರೆಯುವವರು ಇನ್ನೆರಡು ಎಚ್ಚರಿಕೆ ವಹಿಸುತ್ತಾರೆ. ಎರಡು ಸೆನ್ಸರ್‌ಗಳೂ ತಲಾ ಅರ್ಧ ಡಿಗ್ರಿ ತಪ್ಪಬಹುದಾದ್ದರಿಂದ, ಮಿಗುವ ಅಂತರ ಒಂದೂವರೆ ಡಿಗ್ರಿಯಷ್ಟಾದರೂ ಆಗುವವರೆಗೆ ಸುಮ್ಮನಿರುತ್ತಾರೆ. ಜೊತೆಗೆ ಅದು ಒಂದು ಗಂಟೆಯಾದರೂ ಬಿಡದೆ ನಡೆದಿರಬೇಕು. ಬೆಳಿಗ್ಗೆ ಯಂತ್ರ ಹೊರಟ ಮೊದಲ ಅರ್ಧ ಗಂಟೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾತ್ರಿಯೆಲ್ಲ ನಿಂತಿದ್ದ ಕಾಯಿಲ್ ಇನ್ನೂ ಬೆಚ್ಚಗಿರುತ್ತದೆ. ಈ ತಾಳ್ಮೆ ಇಲ್ಲದ ಸಾಫ್ಟ್‌ವೇರ್ ದಿನಕ್ಕೆ ನೂರಾರು ಎಚ್ಚರಿಕೆ ಕಳಿಸುತ್ತದೆ. ತೋಳ ಬಂತು ತೋಳ ಕಥೆಯ ಹುಡುಗನಿಗಾದ ಗತಿ ಆ ಎಚ್ಚರಿಕೆಗಳಿಗೂ ಆಗುತ್ತದೆ.

ಈ ನಿಯಮಕ್ಕೆ ಒಂದು ದೊಡ್ಡ ಮಿತಿಯಿದೆ. ತಣ್ಣೀರಿನ ವಾಲ್ವ್ ತೆರೆದಿರುವಾಗ ಇದು ಕುರುಡು. ಕಾಯಿಸಿದ್ದನ್ನು ತಣಿಸಿ ಆದಮೇಲೆ ಎಷ್ಟು ಕಾದಿತ್ತು ಎಂದು ಕೊನೆಯ ಸೆನ್ಸರ್‌ನಿಂದ ತಿಳಿಯುವುದಾದರೂ ಹೇಗೆ? ಆಂಕೆನಿಯ ಬೇಸಿಗೆಯಲ್ಲಿ ಅವಳಿ ಯಂತ್ರ ಇತ್ತು. ಕೆಟ್ಟದರ ತಣ್ಣೀರಿನ ವಾಲ್ವ್ ಒಳ್ಳೆಯದಕ್ಕಿಂತ ಎಷ್ಟು ಹೆಚ್ಚು ತೆರೆದಿದೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದಿತ್ತು. ಸಾಮಾನ್ಯ ಕಟ್ಟಡಕ್ಕೆ ಅವಳಿ ಎಲ್ಲಿ ಬರಬೇಕು? ಅದಕ್ಕೆ ಅದರ ಹಳೆಯ ದಿನಗಳೇ ಅವಳಿ. ಹೋದ ವರ್ಷ ಇದೇ ಹೊರತಾಪಮಾನದಲ್ಲಿ, ಇಷ್ಟೇ ಗಾಳಿಗೆ ವಾಲ್ವ್ ಎಷ್ಟು ತೆರೆಯುತ್ತಿತ್ತು, ಈಗೆಷ್ಟು ಎಂದು ಹೋಲಿಸುತ್ತಾರೆ. ಎರಡು ಕಾಯಿಲ್‌ಗಳ ನಡುವೆ ಒಂದು ಸೆನ್ಸರ್ ಹಾಕಿಸಿದ್ದರಂತೂ ಈ ಪಾಡೇ ಇಲ್ಲ. ಕಟ್ಟುವಾಗ ಉಳಿಸುವ ಮೊದಲ ಸೆನ್ಸರ್ ಬಹುಶಃ ಇದೇ, ಇದು ಖಂಡಿತ ತಪ್ಪು ಉಳಿತಾಯ.

ಕೊನೆಗೆ ಯಾರಾದರೂ ಯಂತ್ರದ ಕೋಣೆಗೆ ಇಳಿಯಲೇಬೇಕು. ಅಲ್ಲಿ ಪತ್ತೆ ಹಳೆಯ ಕಾಲದ್ದೇ: ಮುಚ್ಚಿದೆ ಎನ್ನುವ ವಾಲ್ವ್‌ನ ಆಚೆಗಿನ ಕೊಳವೆಗೆ ತಾಪಮಾಪಕ ಹಿಡಿಯುವುದು. ಬಿಸಿಯಿದ್ದರೆ ಪಕ್ಕದ ಕೈವಾಲ್ವ್ ತಿರುಗಿಸಿ ನೀರು ನಿಲ್ಲಿಸಿ, ಹೊರಡುವ ಗಾಳಿ ತಣ್ಣಗಾಗುತ್ತದೆಯೇ ಎಂದು ಕಾಯುವುದು. ಕಾರಣ ಕೆಲವೊಮ್ಮೆ ನಗು ತರಿಸುತ್ತದೆ. ಮೋಟಾರನ್ನು ವಾಲ್ವ್‌ಗೆ ಬಿಗಿದ ಸ್ಕ್ರೂ ಸಡಿಲಾಗಿ, ಮೋಟಾರು ತಿರುಗಿದರೂ ವಾಲ್ವ್ ಅರ್ಧದಲ್ಲೇ ನಿಂತಿರುತ್ತದೆ. ಅಲೆನ್ ಕೀ ಇದ್ದರೆ ಎರಡು ನಿಮಿಷದ ಕೆಲಸ. ಇನ್ನು ಕೆಲವು ಕಡೆ ಕೊಳವೆಯ ತುಕ್ಕಿನ ಚೂರು ವಾಲ್ವ್‌ನ ಬಾಯಲ್ಲಿ ಸಿಕ್ಕಿ ಬಿಲ್ಲೆ ಕೂರುವುದಿಲ್ಲ. ಪಂಪಿನ ಒತ್ತಡವನ್ನು ಮೀರಿ ಮುಚ್ಚುವ ತ್ರಾಣ ಚಿಕ್ಕ ಮೋಟಾರಿಗೆ ಇಲ್ಲದಿರುವುದೂ ಉಂಟು. ಆಗ ಎಷ್ಟು ಬಾರಿ ವಾಲ್ವ್ ಬದಲಿಸಿದರೂ ಸೋರಿಕೆ ಮರಳಿ ಬರುತ್ತದೆ.

ಬೆಂಗಳೂರಿನ ಕಚೇರಿಗಳಲ್ಲಿ ಕೂತು ಹೊರದೇಶದ ಕಟ್ಟಡಗಳ ಟ್ರೆಂಡ್ ಓದುವ ಎಂಜಿನಿಯರುಗಳಿಗೆ ಇದು ದಿನನಿತ್ಯದ ಮಾತು. ಆದರೆ ಅವರು ಕೂತ ಕಟ್ಟಡದಲ್ಲೇ ಬಿಸಿ ಕಾಯಿಲ್ ಇರುವುದು ಅಪರೂಪ. ನಮ್ಮ ಹವೆಗೆ ಅದು ಬೇಕಿಲ್ಲ. ಕರ್ನಾಟಕದಲ್ಲಿ ಬಿಸಿ ತಣ್ಣಗಿನ ಈ ಜೋಡಿಯನ್ನು ನೋಡಬೇಕೆಂದರೆ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ಗೋ ಔಷಧ ಕಾರ್ಖಾನೆಯ ಕ್ಲೀನ್ ರೂಮ್‌ಗೋ ಹೋಗಬೇಕು. ಅಲ್ಲಿ ಮಾತ್ರ ಅದು ದೋಷವಲ್ಲ, ಬೇಕೆಂದೇ ಮಾಡಿದ್ದು. ಮಳೆಗಾಲದ ಗಾಳಿಯಲ್ಲಿರುವ ತೇವ ತೆಗೆಯಲು ಅದನ್ನು 12–13 ಡಿಗ್ರಿಗೆ ಇಳಿಸಿ ನೀರು ಇಳಿಸಬೇಕು. ಅಷ್ಟು ತಣ್ಣಗಿನ ಗಾಳಿ ಊದಿದರೆ ಕೋಣೆ ಕೊರೆಯುತ್ತದೆ, ಆದ್ದರಿಂದ ಹೀಟರ್‌ನಿಂದ ಮತ್ತೆ ಬೆಚ್ಚಗೆ ಮಾಡಬೇಕು. ಅಮೆರಿಕದ ಕಚೇರಿಗೆ ಬರೆದ ನಿಯಮವನ್ನು ಹಾಗೇ ತಂದು ಇಲ್ಲಿ ಹಾಕಿದರೆ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ಮನೆ ಬೊಬ್ಬೆ ಹೊಡೆಯುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಕೋಣೆಯ ತೇವಾಂಶ ಆಗಲೇ ಗಡಿಗಿಂತ ಕೆಳಗಿದೆ. ಆದರೂ ತಣ್ಣೀರಿನ ವಾಲ್ವ್ ತೆರೆದಿದೆ, ಹೀಟರ್ ಉರಿಯುತ್ತಿದೆ. ಹಾಗಿದ್ದರೆ ಒಣಗಿದ ಗಾಳಿಯನ್ನೇ ಇನ್ನೂ ಒಣಗಿಸುತ್ತಿದ್ದೇವೆ. ಬೆಂಗಳೂರು, ಮೈಸೂರುಗಳ ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಈ ಸಾಲುಗಳನ್ನು ನೋಡುವುದು ಲಾಭದಾಯಕ. ಮಳೆಗಾಲಕ್ಕೆಂದು ಇಳಿಸಿಟ್ಟ ತಾಪಮಾನವನ್ನು ಯಾರೂ ಮತ್ತೆ ಏರಿಸದಿದ್ದರೆ ಅದು ಇಲ್ಲಿ ಎದ್ದು ಕಾಣುತ್ತದೆ. ನಮ್ಮಲ್ಲಿ ಹೀಟರ್‌ಗಳು ಹೆಚ್ಚಾಗಿ ವಿದ್ಯುತ್ತಿನವು. ಅವು ಸೋರುವುದಿಲ್ಲ, ಅವುಗಳ ಕಾಂಟ್ಯಾಕ್ಟರ್ ಅಂಟಿಕೊಳ್ಳುತ್ತದೆ. ಆಫ್ ಎಂದು ಆಜ್ಞೆ ಹೋಗಿದ್ದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಹೀಟರ್ ತಂತಿಗೊಂದು ಕರೆಂಟ್ ಸೆನ್ಸರ್ ಹಾಕಿ ಅದನ್ನೂ ಟ್ರೆಂಡ್‌ಗೆ ಸೇರಿಸಿದರೆ ಆಜ್ಞೆಯೂ ನಿಜವೂ ಬೇರೆಯಾದ ಕ್ಷಣ ಗೊತ್ತಾಗುತ್ತದೆ.

ಅಮೆರಿಕದ ಬರ್ಕ್ಲಿ ಪ್ರಯೋಗಾಲಯ 2016ರಿಂದ 2020ರವರೆಗೆ ನಡೆಸಿದ ಅಭಿಯಾನವೊಂದರಲ್ಲಿ, ಇಂಥ ದೋಷಪತ್ತೆ ಸಾಫ್ಟ್‌ವೇರ್ ಬಳಸಿದ ಸಂಸ್ಥೆಗಳ ಇಂಧನ ಉಳಿತಾಯದ ಮಧ್ಯಮಾಂಕ ಶೇ 9 ಎಂದು ಕಂಡುಬಂತು. ಎಲ್ಲ ಬಗೆಯ ದೋಷಗಳೂ ಸೇರಿದ ಅಂಕಿ ಅದು. ಸಾಫ್ಟ್‌ವೇರ್ ಸ್ಕ್ರೂ ಬಿಗಿಯುವುದಿಲ್ಲ ಎಂಬುದನ್ನು ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.

ನಿಮ್ಮ ಕೈಯಲ್ಲಿ ಬಿಎಂಎಸ್ ಇರುವ ಕಟ್ಟಡವೊಂದಿದ್ದರೆ ದುಬಾರಿ ಸಾಫ್ಟ್‌ವೇರ್‌ಗೆ ಕಾಯಬೇಕಾಗಿಲ್ಲ. ಕಚೇರಿ ಖಾಲಿಯಾದ ಒಂದು ಸಂಜೆ, ಆಪರೇಷನ್ ಥಿಯೇಟರ್‌ನಂಥ ಜಾಗಗಳನ್ನು ಬಿಟ್ಟು, ಒಂದು ಯಂತ್ರದ ಎರಡೂ ವಾಲ್ವ್‌ಗಳನ್ನು ಮುಚ್ಚಲು ಹೇಳಿ, ಹೀಟರ್ ಇದ್ದರೆ ಆರಿಸಿ, ಫ್ಯಾನ್ ಒಂದನ್ನೇ ಒಂದು ಗಂಟೆ ಓಡಿಸಿ. ಮರುದಿನ ಬೆಳಿಗ್ಗೆ ಬೆರೆತ ಗಾಳಿಯ ಗೆರೆಯನ್ನೂ ಹೊರಡುವ ಗಾಳಿಯ ಗೆರೆಯನ್ನೂ ಒಂದೇ ಹಾಳೆಯಲ್ಲಿ ಎಳೆಸಿ ನೋಡಿ. ಎರಡರ ನಡುವೆ ಸುಮಾರು ಒಂದು ಡಿಗ್ರಿ ಇರಬೇಕು.